ಎರಡು ನಿಮಿಷದ ಶೋರೀಲ್: ಎಡಿಟರ್ ಕೆಲಸ ಕಾಣುವುದೆಲ್ಲಿ?

ಫ್ರೀಲಾನ್ಸ್ ಎಡಿಟರ್ ಈವರೆಗೆ ಮಾಡಿದ ಕೆಲಸಗಳಿಂದ ಕೆಲವನ್ನು ಆಯ್ದು, ಒಂದಾಗಿ ಜೋಡಿಸಿ, ಹೊಸ ಕೆಲಸ ಕೇಳುವಾಗ ಮುಂದಿಡುವ ಚಿಕ್ಕ ವಿಡಿಯೊಗೆ ಶೋರೀಲ್ ಎನ್ನುತ್ತಾರೆ. ಅದನ್ನು ನೋಡುವವರು ಹೆಚ್ಚಾಗಿ ಪ್ರೊಡಕ್ಷನ್ ಹೌಸಿನ ನಿರ್ಮಾಪಕರು, ಜಾಹೀರಾತು ಏಜೆನ್ಸಿಯವರು, ಮೊದಲ ಚಿತ್ರಕ್ಕೆ ಎಡಿಟರನ್ನು ಹುಡುಕುತ್ತಿರುವ ನಿರ್ದೇಶಕರು. ಇಂಥ ಹಲವು ಲಿಂಕುಗಳು ಅವರ ಫೋನಿಗೆ ಬಂದಿರುತ್ತವೆ. ಎರಡು ಮೀಟಿಂಗುಗಳ ನಡುವೆ, ಕೆಲವೊಮ್ಮೆ ಶಬ್ದವನ್ನೂ ಆರಿಸಿ, ಅವರು ನೋಡುತ್ತಾರೆ. ಶೋರೀಲ್ ಎರಡು ನಿಮಿಷ ಮೀರಬಾರದೆಂಬ ರೂಢಿ ಬೆಳೆದದ್ದು ಇದರಿಂದಲೇ. ಅಷ್ಟರೊಳಗೆ ಎಡಿಟರ್ ಬಗೆಬಗೆಯ ಕೆಲಸ ಬಲ್ಲರು ಎಂಬುದೂ ತಿಳಿಯಬೇಕು. ಸಮಯ ಕಡಿಮೆ, ತೋರಿಸಬೇಕಾದ್ದು ಹೆಚ್ಚು. ಈ ಇಕ್ಕಟ್ಟನ್ನು ಬಿಡಿಸಲು ಬಹುಪಾಲು ಎಡಿಟರುಗಳು ಹಿಡಿಯುವ ದಾರಿ ಒಂದೇ, ಮತ್ತು ಆ ದಾರಿ ತಪ್ಪು.

ಆ ದಾರಿ ಎಲ್ಲರಿಗೂ ಪರಿಚಿತ. ರಭಸದ ಹಾಡೊಂದನ್ನು ಟೈಮ್‌ಲೈನಿಗೆ ಹಾಕಿ, ನಾಲ್ಕು ವರ್ಷದ ಕೆಲಸಗಳಿಂದ ಅತಿ ಸುಂದರವಾದ ಅರವತ್ತು ಎಪ್ಪತ್ತು ಶಾಟ್‌ಗಳನ್ನು ತೆಗೆದು, ತಾಳ ಬಿದ್ದಲ್ಲೆಲ್ಲ ಕತ್ತರಿಸುತ್ತಾರೆ. ಡ್ರೋನಿನಲ್ಲಿ ತೆಗೆದ ಘಟ್ಟ, ವಧುವಿನ ಕಣ್ಣು, ಕಾರಿನ ಚಕ್ರ, ಕುಣಿಯುವ ಕಾಲು, ಹೀಗೆ ಒಂದರ ಹಿಂದೆ ಒಂದು ಬರುತ್ತವೆ. ನೋಡುವುದಕ್ಕೆ ಚೆನ್ನಾಗಿಯೇ ಇರುತ್ತದೆ. ಆದರೆ ಅಲ್ಲಿ ಚೆನ್ನಾಗಿರುವುದು ಯಾರ ಕೆಲಸ? ಘಟ್ಟದ ಶಾಟ್ ಛಾಯಾಗ್ರಾಹಕರದು, ಬೆಳಕು ಅವರದು, ಬಣ್ಣ ಕಲರಿಸ್ಟರದು, ಉತ್ಸಾಹ ಹಾಡು ಮಾಡಿದವರದು. ಎಡಿಟರ್ ಮಾಡಿದ್ದೆಂದು ಉಳಿಯುವುದು ತಾಳಕ್ಕೆ ಸರಿಯಾಗಿ ಕತ್ತರಿಸಿದ್ದು ಮಾತ್ರ. ಎಪ್ಪತ್ತು ಶಾಟ್‌ಗಳು ಎಪ್ಪತ್ತು ಕಡೆಯಿಂದ ಬಂದಿದ್ದರೂ ಸಂಕಲನದ ತೀರ್ಮಾನ ಎಪ್ಪತ್ತು ಸಲವೂ ಒಂದೇ ಆಗಿರುತ್ತದೆ. ವೈವಿಧ್ಯ ಇರುವುದು ವಸ್ತುವಿನಲ್ಲಿ, ಕೆಲಸದಲ್ಲಲ್ಲ.

ಎಡಿಟರ್ ಕೆಲಸ ಶಾಟ್ ಒಳಗೆ ಇರುವುದಿಲ್ಲ, ಎರಡು ಶಾಟ್‌ಗಳ ನಡುವೆ ಇರುತ್ತದೆ. ಇದು ಹೊಸ ಮಾತಲ್ಲ. ಸುಮಾರು ನೂರು ವರ್ಷದ ಹಿಂದೆ ರಷ್ಯಾದ ಲೆವ್ ಕುಲೆಶೋವ್ ನಟನೊಬ್ಬನ ಒಂದೇ ಮುಖಭಾವದ ಶಾಟನ್ನು ಬೇರೆ ಬೇರೆ ಶಾಟ್‌ಗಳ ಪಕ್ಕದಲ್ಲಿಟ್ಟು ತೋರಿಸಿದರು. ಪಕ್ಕದಲ್ಲಿ ಸೂಪಿನ ಬಟ್ಟಲು ಬಂದಾಗ ಆ ಮುಖದಲ್ಲಿ ಹಸಿವು ಕಂಡಿತು, ಶವಪೆಟ್ಟಿಗೆ ಬಂದಾಗ ದುಃಖ ಕಂಡಿತು. ಬದಲಾದದ್ದು ಮುಖವಲ್ಲ, ಅದರ ನೆರೆ. ಶಾಟ್‌ಗಳನ್ನು ಅವುಗಳ ನೆರೆಯಿಂದ ಕಿತ್ತು ತಂದು ಹಾಡಿನ ಮೇಲೆ ಪೋಣಿಸಿದರೆ ಎಡಿಟರ್ ಮಾಡಿದ ಆ ಕೆಲಸವೇ ಅಳಿಸಿಹೋಗುತ್ತದೆ. ಆದ್ದರಿಂದ ಎಡಿಟರ್ ಶೋರೀಲಿಗೆ ಬೇಕಾದ್ದು ಬಿಡಿ ಶಾಟ್‌ಗಳಲ್ಲ. ಮೂಲದಲ್ಲಿ ಇದ್ದ ಹಾಗೆಯೇ, ನಡುವೆ ಕೈ ಹಾಕದೆ ಎತ್ತಿಕೊಂಡ ದೃಶ್ಯಭಾಗಗಳು.

ಹೀಗೆ ನೋಡಿದರೆ ‘ರೇಂಜ್’ ಎಂಬ ಮಾತಿನ ಅರ್ಥವೇ ಬದಲಾಗುತ್ತದೆ. ಮದುವೆ, ಜಾಹೀರಾತು, ಸಾಕ್ಷ್ಯಚಿತ್ರ, ಕಿರುಚಿತ್ರ ಎಂಬ ಪಟ್ಟಿಯಿಂದ ವೈವಿಧ್ಯ ಬರುವುದಿಲ್ಲ. ಮದುವೆಯನ್ನೂ ಕಾರಿನ ಜಾಹೀರಾತನ್ನೂ ಒಂದೇ ರೀತಿ ಕತ್ತರಿಸಿದ್ದರೆ ಅದು ಒಂದೇ ಕೆಲಸ. ಇಬ್ಬರ ನಡುವಿನ ಮಾತುಕತೆಯಲ್ಲಿ ಯಾವಾಗ ಯಾರ ಮುಖ ತೋರಿಸಬೇಕು, ರಭಸದ ಘಟನೆಯಲ್ಲಿ ದಿಕ್ಕು ತಪ್ಪದಂತೆ ಹೇಗೆ ಓಡಿಸಬೇಕು, ಉದ್ದದ ಮಾತನ್ನು ಅರ್ಥ ಕೆಡದಂತೆ ಹೇಗೆ ಚಿಕ್ಕದು ಮಾಡಬೇಕು, ಶಬ್ದವನ್ನು ಹಿಡಿದು ಚಿತ್ರವನ್ನು ಹೇಗೆ ಕಟ್ಟಬೇಕು, ನಗು ಬರಲು ಎಷ್ಟು ಹೊತ್ತು ಕಾಯಬೇಕು, ಯಾವಾಗ ಕತ್ತರಿಸದೆ ಸುಮ್ಮನಿರಬೇಕು: ಇವು ಆರು ಬೇರೆ ಬೇರೆ ಕೌಶಲಗಳು. ಒಂದೊಂದಕ್ಕೆ ಒಂದೊಂದು ತುಣುಕು ಸಾಕು. ಒಂದೇ ಕೌಶಲಕ್ಕೆ ಎರಡು ತುಣುಕುಗಳಿದ್ದರೆ ದುರ್ಬಲವಾದದ್ದನ್ನು ಬಿಡಬೇಕು.

ಸಮಯದ ಲೆಕ್ಕವೂ ಇದಕ್ಕೆ ಹೊಂದುತ್ತದೆ. ಮಾತುಕತೆಯ ದೃಶ್ಯ ನೋಡುಗರಿಗೆ ಅರ್ಥವಾಗಲು ಇಪ್ಪತ್ತು ಸೆಕೆಂಡಾದರೂ ಬೇಕು. ಯಾರು, ಏನು ವಿಷಯ ಎಂದು ತಿಳಿಯುವುದಕ್ಕೇ ಮೊದಲ ಏಳೆಂಟು ಸೆಕೆಂಡು ಹೋಗುತ್ತದೆ. ರಭಸದ ತುಣುಕಿಗೆ ಹನ್ನೆರಡು ಹದಿನಾಲ್ಕು ಸೆಕೆಂಡು ಸಾಕು. ಹೀಗೆ ಕೂಡಿಸುತ್ತ ಹೋದರೆ ಆರು ತುಣುಕುಗಳಿಗೆ ನೂರು ಸೆಕೆಂಡಿಗೆ ಸ್ವಲ್ಪ ಹೆಚ್ಚಾಗುತ್ತದೆ. ಏಳನೆಯದಕ್ಕೆ ಜಾಗ ಮಾಡಹೊರಟರೆ ಎಲ್ಲವೂ ಕುಗ್ಗಿ ಮತ್ತೆ ಶಾಟ್‌ಗಳ ಮೆರವಣಿಗೆಯೇ ಆಗುತ್ತದೆ.

ಒಂದು ಉದಾಹರಣೆಯನ್ನು ಪೂರ್ತಿಯಾಗಿ ಬಿಡಿಸಿ ನೋಡಬಹುದು. ಬೆಂಗಳೂರಿನ ಎಡಿಟರ್ ಒಬ್ಬರ ಬಳಿ ನಾಲ್ಕು ವರ್ಷದ ಕೆಲಸವಿದೆ ಎಂದುಕೊಳ್ಳೋಣ: ಒಂದು ಕಿರುಚಿತ್ರ, ಕಂಬಳದ ಹೈಲೈಟ್ಸ್, ಯಕ್ಷಗಾನ ಕಲಾವಿದರೊಬ್ಬರ ಸಾಕ್ಷ್ಯಚಿತ್ರ, ಫಿಲ್ಟರ್ ಕಾಫಿಯ ಜಾಹೀರಾತು, ಫೋನಿಗೆಂದೇ ಉದ್ದುದ್ದವಾಗಿ ತೆಗೆದ ಅಡುಗೆ ವಿಡಿಯೊಗಳು, ಹಲವು ಮದುವೆಗಳು, ಎರಡು ಕಂಪನಿಗಳ ಪರಿಚಯ ಚಿತ್ರಗಳು. ಶೋರೀಲ್ ಒಟ್ಟು 108 ಸೆಕೆಂಡು. ಹಂಚಿಕೆ ಹೀಗೆ: ಕಿರುಚಿತ್ರಕ್ಕೆ 24, ಕಂಬಳಕ್ಕೆ 14, ಸಾಕ್ಷ್ಯಚಿತ್ರಕ್ಕೆ 24, ಕಾಫಿಗೆ 12, ಅಡುಗೆಗೆ 12, ಮದುವೆಗೆ 18, ಕೊನೆಯಲ್ಲಿ ಹೆಸರು ಮತ್ತು ಫೋನ್ ನಂಬರಿಗೆ 4. ಕಂಪನಿ ಚಿತ್ರಗಳು ಹೊರಗೆ ಉಳಿದವು. ಅವು ಕೆಟ್ಟವೆಂದಲ್ಲ, ಮಾತನ್ನು ಸಂಕ್ಷೇಪಿಸುವ ಕೌಶಲವನ್ನು ಸಾಕ್ಷ್ಯಚಿತ್ರ ಆಗಲೇ ಹೇಳಿದೆ.

ಮೊದಲ ತುಣುಕು ಅಡುಗೆಮನೆಯಲ್ಲಿ ತಾಯಿ ಮತ್ತು ಮಗ. ತಾಯಿ ಅವರೆಕಾಯಿ ಸುಲಿಯುತ್ತಿದ್ದಾರೆ. ಮಗ ಬಾಗಿಲಿಗೆ ಒರಗಿ ಆ ಮಾತು ಈ ಮಾತು ಆಡಿ, ಕೊನೆಗೆ “ಮನೆ ಮಾರಿಬಿಡೋಣ ಅಮ್ಮ” ಎನ್ನುತ್ತಾನೆ. ಇದನ್ನು ಕತ್ತರಿಸುವ ಸುಲಭದ ರೀತಿ ಎಂದರೆ ಮಾತಾಡುವವರ ಮುಖ ತೋರಿಸುವುದು. ಮಗನ ಮಾತು ಮುಗಿಯುತ್ತದೆ, ಆಮೇಲೆ ತಾಯಿಯ ಮುಖಕ್ಕೆ ಕಟ್. ಆಗ ನೋಡುಗರಿಗೆ ಸಿಗುವುದು ಮಾತು ಕೇಳಿಯಾದ ನಂತರದ ಮುಖ. ಅದೇ ಕಟ್ ಅರ್ಧ ಸೆಕೆಂಡು, ಎಂದರೆ 12 ಫ್ರೇಮಿನಷ್ಟು ಮೊದಲೇ ಬಂದರೆ, ‘ಮಾರಿಬಿಡೋಣ’ ಎಂಬ ಪದದ ನಡುವೆಯೇ ಚಿತ್ರ ತಾಯಿಯ ಕೈಗೆ ಹೋಗುತ್ತದೆ. ಮಗನ ದನಿ ಮುಂದುವರಿಯುತ್ತಿರುವಾಗಲೇ ಸುಲಿಯುವ ಬೆರಳು ನಿಲ್ಲುವುದು ಕಾಣುತ್ತದೆ. ಆಕೆ ಮಾತನ್ನು ಕೇಳಿಸಿಕೊಳ್ಳುವ ಕ್ಷಣ ನೋಡುಗರ ಕಣ್ಣೆದುರೇ ನಡೆಯುತ್ತದೆ. ಹೀಗೆ ಹಿಂದಿನ ಶಾಟಿನ ಶಬ್ದ ಮುಂದಿನ ಶಾಟಿನ ಮೇಲೂ ಹರಿಯುವುದಕ್ಕೆ ಎಲ್-ಕಟ್ ಎನ್ನುತ್ತಾರೆ. ‘ದಿ ಇಂಗ್ಲಿಷ್ ಪೇಷೆಂಟ್’ ಚಿತ್ರದ ಎಡಿಟರ್ ವಾಲ್ಟರ್ ಮರ್ಚ್ ಒಳ್ಳೆಯ ಕಟ್‌ಗೆ ಬೇಕಾದ ಆರು ಗುಣಗಳಿಗೆ ತೂಕ ಹಂಚುವಾಗ ಭಾವಕ್ಕೆ ನೂರರಲ್ಲಿ 51 ಕೊಟ್ಟು, ಲಯಕ್ಕೆ 10 ಮಾತ್ರ ಕೊಟ್ಟರು. ಹಾಡಿನ ತಾಳಕ್ಕೆ ಕತ್ತರಿಸಿದ ಶೋರೀಲ್ ತೋರಿಸುವುದು ಆ ಹತ್ತನ್ನು. ಅವರೆಕಾಯಿಯ ಮೇಲೆ ನಿಂತ ಬೆರಳು ತೋರಿಸುವುದು ಐವತ್ತೊಂದನ್ನು.

ಕಂಬಳದ ತುಣುಕಿನ ಪರೀಕ್ಷೆ ಬೇರೆ. ಕೋಣಗಳ ಓಟ ಹದಿನೈದು ಸೆಕೆಂಡಿನೊಳಗೆ ಮುಗಿದುಹೋಗುತ್ತದೆ, ಆದರೆ ನಾಲ್ಕೈದು ಕ್ಯಾಮೆರಾ ಇಟ್ಟಿರುತ್ತಾರೆ. 14 ಸೆಕೆಂಡಿಗೆ ಇಪ್ಪತ್ತು ಶಾಟ್ ಬಂದರೂ ಕೋಣಗಳು ಪರದೆಯ ಮೇಲೆ ಒಂದೇ ದಿಕ್ಕಿಗೆ ಓಡಬೇಕು. ಗದ್ದೆಯ ಆಚೆ ಬದಿಯ ಕ್ಯಾಮೆರಾದ ಶಾಟನ್ನು ಹಾಗೇ ಸೇರಿಸಿದರೆ ಕೋಣಗಳು ತಿರುಗಿ ಓಡಿದಂತೆ ಕಾಣುತ್ತದೆ. ನಡುವೆ ಓಡಿಸುವವನ ಮುಖವೋ ಕೆಸರು ಚಿಮ್ಮುವ ಹತ್ತಿರದ ಶಾಟೋ ಬಂದರೆ ದಿಕ್ಕಿನ ಬದಲಾವಣೆ ಮುಚ್ಚಿಹೋಗುತ್ತದೆ. ಅನುಭವಿ ನಿರ್ಮಾಪಕರು ನೋಡುವುದು ವೇಗವನ್ನಲ್ಲ, ವೇಗದಲ್ಲೂ ಯಾರು ಮುಂದೆ ಯಾರು ಹಿಂದೆ ಎಂಬುದು ತಿಳಿಯುತ್ತದೆಯೇ ಎಂಬುದನ್ನು.

ಸಾಕ್ಷ್ಯಚಿತ್ರದ ತುಣುಕಿನಲ್ಲಿ ಕಲಾವಿದರು ಚೌಕಿಯಲ್ಲಿ ಕುಳಿತು ಮುಖವರ್ಣಿಕೆ ಬರೆದುಕೊಳ್ಳುತ್ತಾ ಮಾತಾಡುತ್ತಾರೆ. ಚಿತ್ರೀಕರಣದಲ್ಲಿ ನಾಲ್ಕು ನಿಮಿಷವಿದ್ದ ಮಾತು ಸಂಕಲನದಲ್ಲಿ ಇಪ್ಪತ್ತು ಸೆಕೆಂಡಿಗೆ ಇಳಿದಿದೆ. ಬಿಟ್ಟ ಜಾಗಗಳ ಮೇಲೆ ಕನ್ನಡಿ, ಬಣ್ಣದ ಬಟ್ಟಲು, ಕೇದಗೆ ಮುಂದಲೆಯ ಶಾಟ್‌ಗಳು ಕೂತಿವೆ. ಇಲ್ಲಿ ಎಡವುವುದು ಚಿತ್ರದಲ್ಲಲ್ಲ, ಉಸಿರಿನಲ್ಲಿ. ಉಸಿರನ್ನು ಅರ್ಧಕ್ಕೆ ಕತ್ತರಿಸಿದ್ದರೆ, ಅಥವಾ ಎರಡು ಮಾತುಗಳ ನಡುವೆ ಕೋಣೆಯ ಸಹಜ ಸದ್ದು ತುಂಡಾಗಿದ್ದರೆ, ಕಾರಣ ಗೊತ್ತಿಲ್ಲದವರ ಕಿವಿಗೂ ಅದು ಚುಚ್ಚುತ್ತದೆ. ಕಣ್ಣು ಮುಚ್ಚಿ ಒಮ್ಮೆ ಕೇಳಿದರೆ ಜೋಡಣೆ ಎಲ್ಲಿದೆ ಎಂದು ಗೊತ್ತಾಗಬಾರದು.

ಮುಂದಿನ ಮೂರು ಚಿಕ್ಕವು. ಕಾಫಿಯಲ್ಲಿ ಫಿಲ್ಟರಿನಿಂದ ಬೀಳುವ ಹನಿ, ಹಾಲು ಉಕ್ಕುವ ಸದ್ದು, ಲೋಟ ಬಟ್ಟಲಿಗೆ ತಾಗುವ ಸದ್ದು, ಇವೇ ತಾಳ. ಸಂಗೀತವಿಲ್ಲದೆ ಕಟ್ಟಿದ ಲಯ. ಅಡುಗೆಯ ತುಣುಕಿನಲ್ಲಿ ಗೃಹಿಣಿ “ಒಂದೇ ಒಂದು ಚಿಟಿಕೆ ಬೆಲ್ಲ” ಎನ್ನುತ್ತಾರೆ, ಮುಂದಿನ ಶಾಟಿನಲ್ಲಿ ಬೊಗಸೆ ತುಂಬ ಬೆಲ್ಲ ಬೀಳುತ್ತದೆ. ಮಾತು ಮುಗಿದು ನಾಲ್ಕೈದು ಫ್ರೇಮ್ ಬಿಟ್ಟು ಕಟ್ ಬಂದರೆ ನಗು, ಒಂದು ಸೆಕೆಂಡು ಕಾದರೆ ಸಪ್ಪೆ. ಮದುವೆಯ ತುಣುಕಿನಲ್ಲಿ ಧಾರೆ ಎರೆಯುವಾಗ ತಂದೆಯ ಮುಖವನ್ನು ಏಳು ಸೆಕೆಂಡು ಒಂದೇ ಶಾಟಿನಲ್ಲಿ ಬಿಟ್ಟಿದೆ. ಹದಿನೆಂಟು ಸೆಕೆಂಡಿಗೆ ಎರಡೇ ಕಟ್. ಕಂಬಳದಲ್ಲಿ ಇಪ್ಪತ್ತು ಶಾಟ್ ಕತ್ತರಿಸಿದ ಕೈ ಇಲ್ಲಿ ತಡೆದು ನಿಂತಿದೆ ಎಂಬುದು ನೋಡುಗರಿಗೆ ಹೇಳದೆಯೇ ತಿಳಿಯುತ್ತದೆ.

ಆದ್ದರಿಂದ ತುಣುಕುಗಳಷ್ಟೇ ಅವುಗಳ ಕ್ರಮವೂ ಮುಖ್ಯ. ನಿಧಾನದ ಪಕ್ಕ ರಭಸ, ಮಾತಿನ ಪಕ್ಕ ಮೌನ ಇದ್ದರೆ ಒಂದೊಂದೂ ಎದ್ದು ಕಾಣುತ್ತದೆ. ಮೊದಲ ಜಾಗಕ್ಕೆ ಕಂಬಳವನ್ನೇ ಇಡಬೇಕೆಂಬ ವಾದಕ್ಕೂ ಬಲವಿದೆ, ಏಕೆಂದರೆ ಬೇಸರ ಬಂದವರು ಮೊದಲ ಹತ್ತು ಸೆಕೆಂಡಿಗೇ ಮುಚ್ಚುತ್ತಾರೆ. ಆದರೆ ಹೆಚ್ಚಿನ ಶೋರೀಲುಗಳು ರಭಸದಿಂದಲೇ ಶುರುವಾಗುವುದರಿಂದ ಅದು ಹತ್ತರ ಜೊತೆ ಹನ್ನೊಂದನೆಯದಾಗುತ್ತದೆ. ಮಾತುಕತೆಯನ್ನು ಮೊದಲು ಇಡುವುದಾದರೆ ಎರಡು ಎಚ್ಚರ ಬೇಕು: ದೃಶ್ಯವನ್ನು ಆರಂಭದಿಂದ ತೋರಿಸದೆ ಮಾತಿನ ನಡುವಿನಿಂದ ಹಿಡಿಯಬೇಕು, ಶಬ್ದ ಆರಿಸಿ ನೋಡುವವರಿಗಾಗಿ ಸಬ್‌ಟೈಟಲ್ ಹಾಕಬೇಕು.

ತುಣುಕಿಗೂ ತುಣುಕಿಗೂ ನಡುವಿನ ಜಾಗದಲ್ಲಿ ಕುಲೆಶೋವ್ ಮತ್ತೆ ಎದುರಾಗುತ್ತಾರೆ. ತಾಯಿಯ ಕಂಗಾಲಾದ ಮುಖದಿಂದ ನೇರವಾಗಿ ಓಡುವ ಕೋಣಗಳಿಗೆ ಕಟ್ ಮಾಡಿದರೆ, ಆಕೆ ಕೋಣಗಳನ್ನು ನೋಡಿಯೇ ಹೆದರಿದಂತಾಗುತ್ತದೆ. ಬೇಕಿಲ್ಲದ ಅರ್ಥ ಹುಟ್ಟಿ ಗಂಭೀರ ದೃಶ್ಯ ನಗೆಪಾಟಲಾಗುತ್ತದೆ. ಹತ್ತು ಹನ್ನೆರಡು ಫ್ರೇಮಿನ ಕಪ್ಪು ತೆರೆ ಬಂದರೆ ಕಣ್ಣು ಹಿಂದಿನದನ್ನು ಮುಚ್ಚಿ ಹೊಸದಕ್ಕೆ ಸಿದ್ಧವಾಗುತ್ತದೆ. ಅಲಂಕಾರದ ಟ್ರಾನ್ಸಿಶನ್‌ಗಳಿಗಿಂತ ಈ ಅರ್ಧ ಸೆಕೆಂಡಿನ ಕಪ್ಪು ಹೆಚ್ಚು ಕೆಲಸ ಮಾಡುತ್ತದೆ. ಈ ಕಪ್ಪನ್ನೂ ಆಯಾ ತುಣುಕಿನ ಸೆಕೆಂಡುಗಳಲ್ಲೇ ಲೆಕ್ಕ ಹಿಡಿಯಬೇಕು.

ಇಡೀ ಶೋರೀಲಿಗೆ ಒಂದೇ ಹಾಡು ಹಾಸುವ ಅಗತ್ಯ ಈಗ ಉಳಿಯುವುದಿಲ್ಲ. ಪ್ರತಿ ತುಣುಕೂ ತನ್ನದೇ ಶಬ್ದದೊಂದಿಗೆ ಬರುತ್ತದೆ. ಆದರೆ ಇಲ್ಲೊಂದು ತೊಡಕಿದೆ. ಚಿತ್ರದ ನಡುವಿನಿಂದ 24 ಸೆಕೆಂಡು ಎತ್ತಿದಾಗ ಅದರ ಹಿನ್ನೆಲೆ ಸಂಗೀತ ಅರ್ಧದಲ್ಲಿ ಶುರುವಾಗಿ ಅರ್ಧದಲ್ಲಿ ನಿಲ್ಲುತ್ತದೆ. ಮಾತು, ಸಂಗೀತ, ಇತರ ಶಬ್ದ ಬೇರೆ ಬೇರೆ ಫೈಲುಗಳಾಗಿ, ಎಂದರೆ ಸ್ಟೆಮ್‌ಗಳಾಗಿ ಇದ್ದರೆ ಸಂಗೀತವನ್ನು ಮಾತ್ರ ಇಳಿಸಬಹುದು. ಇಲ್ಲವಾದರೆ ಸಂಗೀತವಿಲ್ಲದ ಜಾಗವನ್ನೇ ಹುಡುಕಬೇಕು. ಕೆಲಸ ಮುಗಿದ ದಿನವೇ ಸ್ಟೆಮ್‌ಗಳನ್ನೂ, ಪ್ರೊರೆಸ್ 422ರಂಥ ಉತ್ತಮ ಗುಣಮಟ್ಟದ ಮಾಸ್ಟರ್ ಫೈಲನ್ನೂ ಎತ್ತಿಟ್ಟುಕೊಂಡವರಿಗೆ ಶೋರೀಲ್ ಎರಡು ದಿನದ ಕೆಲಸ. ಎತ್ತಿಡದವರು ಯೂಟ್ಯೂಬಿನಿಂದಲೋ ವಾಟ್ಸ್‌ಆ್ಯಪಿನಿಂದಲೋ ಇಳಿಸಿಕೊಂಡ ಮಸುಕು ವಿಡಿಯೊಗಳ ಜೊತೆ ಗುದ್ದಾಡಬೇಕಾಗುತ್ತದೆ. ಕತ್ತಲೆಯ ದೃಶ್ಯಗಳಲ್ಲಿ ಚೌಕಚೌಕವಾಗಿ ಒಡೆದ ಚಿತ್ರ ಕಂಡರೆ ಫೈಲು ಹಾಗೆ ಬಂದದ್ದೆಂದು ಯಾರಿಗೂ ಗೊತ್ತಾಗುತ್ತದೆ.

ಬೇರೆ ಬೇರೆ ಕೆಲಸಗಳನ್ನು ಒಂದೇ ಟೈಮ್‌ಲೈನಿಗೆ ತಂದಾಗ ಕಾಣುವ ಇನ್ನೊಂದು ದೋಷ ಚಲನೆಯ ಕುಲುಕು. ಕಿರುಚಿತ್ರ ಸೆಕೆಂಡಿಗೆ 24 ಫ್ರೇಮಿನದು, ಕಂಬಳ 50ರದು, ಫೋನಿನ ಅಡುಗೆ ವಿಡಿಯೊ 30ರದು ಎಂದಾದರೆ 25 ಫ್ರೇಮಿನ ಟೈಮ್‌ಲೈನಿನಲ್ಲಿ ಕಂಬಳ ಸಲೀಸಾಗಿ ಕೂರುತ್ತದೆ, ಏಕೆಂದರೆ ಒಂದು ಬಿಟ್ಟು ಒಂದು ಫ್ರೇಮ್ ತೆಗೆದರಾಯಿತು. 30ರ ವಿಡಿಯೊದಲ್ಲಿ ಪ್ರತಿ ಆರನೆಯ ಫ್ರೇಮ್ ಬಿದ್ದುಹೋಗುತ್ತದೆ. ಕೈ ಅಡ್ಡಲಾಗಿ ಚಲಿಸಿದಾಗಲೆಲ್ಲ ಸಣ್ಣ ಎಗರು ಕಾಣುತ್ತದೆ. 24ರದನ್ನು ಹಾಗೇ ಹಾಕಿದರೆ ಸೆಕೆಂಡಿಗೊಂದು ಫ್ರೇಮ್ ಎರಡು ಸಲ ಬರುತ್ತದೆ. ಅದನ್ನು 25 ಎಂದೇ ಓದಿಸಿ ಶೇ 4ರಷ್ಟು ವೇಗ ಹೆಚ್ಚಿಸಿದರೆ ಚಲನೆ ನೆಟ್ಟಗಾಗುತ್ತದೆ. ದನಿಯ ಶ್ರುತಿಯನ್ನು ಮಾತ್ರ ಅಷ್ಟೇ ಕೆಳಗಿಳಿಸಬೇಕು. ಧ್ವನಿಮಟ್ಟದ ವಿಷಯದಲ್ಲೂ ಇದೇ ಎಚ್ಚರ. ತಾಯಿಯ ಪಿಸುದನಿಗೆ ಶಬ್ದ ಹೆಚ್ಚಿಸಿಕೊಂಡವರ ಕಿವಿಗೆ ಕಂಬಳದ ಕೂಗು ಬಡಿಯಬಾರದು. ತುಣುಕುಗಳನ್ನು ಪರಸ್ಪರ ಹೊಂದಿಸಿ, ಒಟ್ಟು ಮಟ್ಟವನ್ನು −14 ಲಫ್ಸ್ ಆಸುಪಾಸು ಇಟ್ಟರೆ ಯೂಟ್ಯೂಬ್ ಅದನ್ನು ಮತ್ತೆ ತಗ್ಗಿಸುವುದಿಲ್ಲ.

ಪ್ರತಿ ತುಣುಕಿನ ಮೊದಲ ಎರಡು ಮೂರು ಸೆಕೆಂಡು ಕೆಳಮೂಲೆಯಲ್ಲಿ ಸಣ್ಣಕ್ಷರದ ಒಂದು ಸಾಲು ಬೇಕು: ಕೆಲಸದ ಹೆಸರು, ಅದರ ಬಗೆ, ಮಾಡಿದ ಪಾತ್ರ. ಬಣ್ಣ ಬೇರೆಯವರದಾಗಿದ್ದರೆ ‘ಸಂಕಲನ’ ಎಂದಷ್ಟೇ ಬರೆಯಬೇಕು. ಇಬ್ಬರು ಸೇರಿ ಕತ್ತರಿಸಿದ ಚಿತ್ರವಾದರೆ ತಾನು ಕತ್ತರಿಸಿದ ದೃಶ್ಯವನ್ನು ಮಾತ್ರ ಇಡಬೇಕು. ಈ ಕಸುಬಿನ ಜಗತ್ತು ಚಿಕ್ಕದು. ಅದೇ ದೃಶ್ಯ ಇನ್ನೊಬ್ಬರ ಶೋರೀಲಿನಲ್ಲೂ ಕಂಡರೆ ಇಬ್ಬರ ಮೇಲೂ ಅನುಮಾನ ಬರುತ್ತದೆ.

ಅನುಮತಿಯ ಪ್ರಶ್ನೆಯನ್ನು ಕೊನೆಗೆ ಬಿಡುವಂತಿಲ್ಲ, ಆಯ್ಕೆಯ ಹಂತದಲ್ಲೇ ಬಗೆಹರಿಸಬೇಕು. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದರೆ, ಹಣ ಕೊಟ್ಟು ಚಿತ್ರ ಮಾಡಿಸಿದವರೇ ಅದರ ಮೊದಲ ಹಕ್ಕುದಾರರು. ಕತ್ತರಿಸಿದ ಮಾತ್ರಕ್ಕೆ ಎಡಿಟರಿಗೆ ಅದನ್ನು ಪ್ರದರ್ಶಿಸುವ ಹಕ್ಕು ಬರುವುದಿಲ್ಲ. ಕೆಲಸ ಒಪ್ಪಿಕೊಳ್ಳುವಾಗಲೇ “ಬಿಡುಗಡೆಯ ನಂತರ 30 ಸೆಕೆಂಡಿನವರೆಗಿನ ಭಾಗವನ್ನು ಎಡಿಟರ್ ತನ್ನ ಶೋರೀಲಿನಲ್ಲಿ ಬಳಸಬಹುದು” ಎಂಬ ಒಂದು ವಾಕ್ಯವನ್ನು ಒಪ್ಪಂದಕ್ಕೋ ಈಮೇಲಿಗೋ ಸೇರಿಸಿಕೊಂಡರೆ ಮುಂದೆ ತಾಪತ್ರಯವಿಲ್ಲ. ಮದುವೆಯ ತುಣುಕಿನಲ್ಲಿ ಕಾನೂನಿಗಿಂತ ದೊಡ್ಡದು ಮನೆಯವರ ಸಂಕೋಚ. ಅಳುವ ತಂದೆಯ ಮುಖವನ್ನು ಅಪರಿಚಿತರಿಗೆ ತೋರಿಸುವ ಮೊದಲು ಅವರನ್ನು ಕೇಳಲೇಬೇಕು.

ಜೋಡಣೆ ಮುಗಿದ ಮೇಲೆ ಮೂರು ಪರೀಕ್ಷೆಗಳು ಸಾಕು. ಮೊದಲು ಶಬ್ದ ಆರಿಸಿ ನೋಡುವುದು: ಸಬ್‌ಟೈಟಲ್ ಮತ್ತು ಚಿತ್ರದಿಂದಲೇ ತುಣುಕುಗಳು ಅರ್ಥವಾಗಬೇಕು. ಆಮೇಲೆ ಚಿತ್ರ ಆರಿಸಿ ಕೇಳುವುದು: ಎಲ್ಲಿಯೂ ಶಬ್ದ ಮುರಿಯಬಾರದು. ಕೊನೆಯದು, ಈ ಕೆಲಸಗಳನ್ನು ಹಿಂದೆ ನೋಡಿರದ ಒಬ್ಬರಿಗೆ ಒಂದೇ ಸಲ ತೋರಿಸಿ, ಮರುದಿನ ಏನೇನು ನೆನಪಿದೆ ಎಂದು ಕೇಳುವುದು. ಆರರಲ್ಲಿ ನಾಲ್ಕು ನೆನಪಿದ್ದರೆ ಶೋರೀಲ್ ಕೆಲಸ ಮಾಡುತ್ತಿದೆ. “ಶಾಟ್‌ಗಳು ಚೆನ್ನಾಗಿದ್ದವು” ಎಂಬ ಉತ್ತರ ಬಂದರೆ ಆಯ್ಕೆಯೇ ತಪ್ಪಿದೆ.

ಇಷ್ಟೆಲ್ಲ ಮಾಡಿದರೂ ಶೋರೀಲ್ ಹೇಳಲಾರದ ಸಂಗತಿಗಳಿವೆ. ತೊಂಬತ್ತು ನಿಮಿಷದ ಕಥೆಯ ಓಟವನ್ನು ಎಡಿಟರ್ ಹಿಡಿಯಬಲ್ಲರೇ ಎಂಬುದು ಅದರಲ್ಲಿ ತಿಳಿಯುವುದಿಲ್ಲ. ಕೆಟ್ಟ ಫೂಟೇಜಿನಿಂದ ಒಳ್ಳೆಯ ದೃಶ್ಯ ತೆಗೆದದ್ದೂ ಕಾಣುವುದಿಲ್ಲ, ಏಕೆಂದರೆ ಬಿಟ್ಟದ್ದೇನೆಂದು ನೋಡುಗರಿಗೆ ಗೊತ್ತಿಲ್ಲ. ಅದಕ್ಕಾಗಿ ಶೋರೀಲ್ ಜೊತೆಗೆ ಒಂದೆರಡು ಪೂರ್ಣ ಚಿತ್ರಗಳ ಲಿಂಕ್ ಕೊಡಬೇಕು. ಮದುವೆ ಮಾಡುವ ಮನೆಯವರಿಗೆ ಈ ವೈವಿಧ್ಯವೇ ಬೇಕಿಲ್ಲ. ಅವರು ನೋಡಬಯಸುವುದು ಮದುವೆಗಳನ್ನು, ಕಂಬಳವನ್ನಲ್ಲ. ಮುಂದಿನ ತಿಂಗಳು ಯಾವ ಕೆಲಸ ಬರುತ್ತದೆಂದು ತಮಗೇ ತಿಳಿಯದ ಪ್ರೊಡಕ್ಷನ್ ಹೌಸುಗಳಿಗೆ, ಏಜೆನ್ಸಿಗಳಿಗೆ ಬಗೆಬಗೆಯ ಕೆಲಸದ ಈ ಶೋರೀಲ್. ಆರು ತುಣುಕುಗಳೂ ಬಿಡಿಬಿಡಿಯಾಗಿ ನಿಲ್ಲುವುದರಿಂದ, ಕೇಳುವವರಿಗೆ ತಕ್ಕಂತೆ ಅವುಗಳ ಕ್ರಮ ಬದಲಿಸುವುದು ಹತ್ತು ನಿಮಿಷದ ಕೆಲಸ.

ವರ್ಷಕ್ಕೊಮ್ಮೆಯಾದರೂ ಹೊಸ ಕೆಲಸ ಒಳಗೆ ಬರಬೇಕಾಗುತ್ತದೆ. ಆಗ ಪಾಲಿಸಬೇಕಾದ ನಿಯಮ ಒಂದೇ: ಒಂದು ಒಳಗೆ ಬಂದರೆ ಒಂದು ಹೊರಗೆ ಹೋಗಬೇಕು. ಹಳೆಯದನ್ನು ಬಿಡಲಾರದೆ ಮೂರೂವರೆ ನಿಮಿಷಕ್ಕೆ ಬೆಳೆದ ಶೋರೀಲ್ ತನ್ನ ಎಡಿಟರ್ ಬಗ್ಗೆ ಹೇಳುವುದು ಒಂದೇ ಮಾತು. ಏನನ್ನು ಬಿಡಬೇಕೆಂದು ಅವರಿಗೆ ಗೊತ್ತಿಲ್ಲ, ಎಂಬುದು.